ಹುಳಿಯ ಪಾತ್ರೆ ಯಾವ ಫ್ರಿಜ್‌ನಲ್ಲಿ ಕೂರುತ್ತದೆ?

ಫ್ರಿಜ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಲೀಟರಿನ ಲೆಕ್ಕ. ತರಕಾರಿ, ಹಾಲು, ಹಣ್ಣು ಇಡುವ ಮನೆಗೆ ಆ ಲೆಕ್ಕ ಸಾಕಾಗಬಹುದು. ಮಾಡಿದ ಅಡುಗೆಯನ್ನೇ ಹೆಚ್ಚಾಗಿ ಇಡುವ ಮನೆಗೆ ಸಾಲದು. ಹುಳಿ, ಸಾರು, ದೋಸೆ ಹಿಟ್ಟು ಎಲ್ಲ ದುಂಡನೆಯ ಸ್ಟೀಲ್ ಪಾತ್ರೆಗಳಲ್ಲಿ ಇರುತ್ತವೆ. ಒಂದರ ಮೇಲೊಂದು ಪೇರಿಸಲು ಬರುವುದಿಲ್ಲ, ಓರೆ ಮಾಡುವ ಹಾಗೂ ಇಲ್ಲ. ಅವಕ್ಕೆ ಬೇಕಾದದ್ದು ಅಗಲವಾದ ಶೆಲ್ಫು.

ಮೈಸೂರಿನಲ್ಲಿರುವ ನಮ್ಮಕ್ಕನ ಮನೆಯಲ್ಲಿ ಆರು ಜನ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ವಾರಕ್ಕೆ ಎರಡು ಸಲ ದೊಡ್ಡ ಅಡುಗೆ, ಉಳಿದ ದಿನ ಬಿಸಿ ಮಾಡಿಕೊಳ್ಳುವುದು. ಹೊಸ ಫ್ರಿಜ್ ತೆಗೆದುಕೊಳ್ಳುವ ಮೊದಲು ಅವಳು ಟೇಪು ಹಿಡಿದು ಪಾತ್ರೆಗಳನ್ನು ಅಳೆದಳು. ಹುಳಿಯದು 24 ಸೆಂಟಿಮೀಟರ್ ಅಗಲ, ದೋಸೆ ಹಿಟ್ಟಿನದೂ ಅಷ್ಟೇ. ಸಾರಿನದು 20, ಮೊಸರಿನದು 18. ಮುಚ್ಚಳ ಸೇರಿಸಿದರೆ ಎತ್ತರ 15ರಿಂದ 18. ಇವುಗಳ ಜೊತೆಗೆ ಪಲ್ಯ, ಗೊಜ್ಜು, ಅನ್ನದ ಡಬ್ಬಿಗಳು.

ಈ ಅಳತೆಗಳನ್ನು ಇಟ್ಟುಕೊಂಡು ಮೂರು ಬಗೆಯ ಫ್ರಿಜ್‌ಗಳನ್ನೂ ನೋಡೋಣ. ಮೇಲೆ ಫ್ರೀಜರ್ ಇರುವ ಮಾಮೂಲಿ ಡಬಲ್ ಡೋರ್ ಹೊರಗಿನಿಂದ 60 ಸೆಂಟಿಮೀಟರ್ ಅಗಲವಿದ್ದರೆ ಒಳಗೆ ಶೆಲ್ಫು ಸುಮಾರು 50 ಸಿಗುತ್ತದೆ. 24ರ ಎರಡು ಪಾತ್ರೆಗಳು ಅಕ್ಕಪಕ್ಕ ಕೂರುತ್ತವೆ. ಕೆಳಗೆ ಫ್ರೀಜರ್ ಇರುವುದರಲ್ಲೂ ಇದೇ ಲೆಕ್ಕ. ಸೈಡ್ ಬೈ ಸೈಡ್ ಹೊರಗೆ ಸುಮಾರು 90 ಸೆಂಟಿಮೀಟರ್ ಇದ್ದರೂ ನಡುವೆ ಗೋಡೆ ಇರುತ್ತದೆ. ಫ್ರಿಜ್ ಭಾಗದ ಶೆಲ್ಫು 45ರ ಆಸುಪಾಸು, ಫ್ರೀಜರ್ ಭಾಗ 30ರ ಆಸುಪಾಸು. 24ರ ಪಾತ್ರೆ ಒಂದು ಸಾಲಿಗೆ ಒಂದೇ. ಪಕ್ಕದಲ್ಲಿ ಉಳಿಯುವ 20 ಸೆಂಟಿಮೀಟರಿಗೆ ಸಣ್ಣ ಡಬ್ಬಿ ಮಾತ್ರ. ಇನ್ನೊಂದು ದೊಡ್ಡ ಪಾತ್ರೆಯನ್ನು ಅದರ ಹಿಂದೆ ತಳ್ಳಬೇಕು. ಹಿಂದೆ ಹೋದದ್ದು ಕಣ್ಣಿಗೆ ಬೀಳುವುದಿಲ್ಲ. ನೆನಪಾಗಿ ತೆಗೆಯುವ ಹೊತ್ತಿಗೆ ಹುಳಿ ಹಳಸಿರುತ್ತದೆ. ಮಾದರಿಯಿಂದ ಮಾದರಿಗೆ ಅಳತೆ ಬದಲಾಗುತ್ತದೆ, ಆದ್ದರಿಂದ ಅಂಗಡಿಯಲ್ಲೇ ಬಾಗಿಲು ತೆಗೆದು ಟೇಪು ಹಿಡಿಯಬೇಕು. 600 ಲೀಟರಿನ ಪೆಟ್ಟಿಗೆಯಲ್ಲಿ ನಮ್ಮ ಪಾತ್ರೆಗಳು ಇಕ್ಕಟ್ಟಾಗಿ ಕೂರುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಎರಡನೆಯ ವಿಷಯ ಸೊಂಟದ್ದು. ದಿನಕ್ಕೆ ಹತ್ತಾರು ಸಲ ತೆರೆಯುವುದು ಫ್ರಿಜ್ ಭಾಗವನ್ನು. ಫ್ರೀಜರ್ ಒಂದೆರಡು ಸಲ. ಮಾಮೂಲಿ ಡಬಲ್ ಡೋರ್‌ನಲ್ಲಿ ಕಣ್ಣೆತ್ತರದ ಒಳ್ಳೆಯ ಜಾಗವನ್ನೆಲ್ಲ ಫ್ರೀಜರ್ ಹಿಡಿದುಕೊಂಡಿರುತ್ತದೆ. ನಾಲ್ಕೈದು ಕೆಜಿ ತೂಗುವ ಹಿಟ್ಟಿನ ಪಾತ್ರೆಯನ್ನು ಮೊಣಕಾಲಿನ ಮಟ್ಟದಿಂದ ಬಗ್ಗಿ ಎತ್ತಬೇಕು. ಮಂಡಿನೋವಿನ ಅತ್ತೆಯವರು ಆ ಕೆಲಸ ಮಾಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಫ್ರೀಜರ್ ಕೆಳಗಿದ್ದರೆ ಪಾತ್ರೆಗಳೆಲ್ಲ ಸೊಂಟದಿಂದ ಮೇಲೆ ಬರುತ್ತವೆ. ಅಡುಗೆ ಇಡುವವರಿಗೆ ನಾನು ಕೆಳಗಿನ ಫ್ರೀಜರನ್ನೇ ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ. ನಮ್ಮ ಅಂಗಡಿಗಳಲ್ಲಿ ಇದರ ಮಾದರಿಗಳು ಕಡಿಮೆ, ಅಷ್ಟೇ ಲೀಟರಿನ ಮಾಮೂಲಿ ಫ್ರಿಜ್‌ಗಿಂತ ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಫ್ರೀಜರ್ ಡ್ರಾಯರ್‌ನಲ್ಲಿ ಒಂದರ ಮೇಲೊಂದು ಬಿದ್ದು ಅಡಿಯದು ಮರೆತುಹೋಗುವ ತೊಂದರೆಯೂ ಇದೆ. ಡಬ್ಬಿಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ, ಮೇಲಂಚಿಗೆ ತಾರೀಕು ಬರೆದು ಅಂಟಿಸಿದರೆ ಅದು ತಪ್ಪುತ್ತದೆ.

ಯಾವ ಬಗೆಯನ್ನು ತಂದರೂ ಒಳಗಿನ ಗಾಳಿ ಓಡಾಡಬೇಕು. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಫ್ರೀಜರ್ ಹಿಂದಿನ ಕಾಯಿಲ್‌ನಲ್ಲಿ. ಫ್ಯಾನು ಆ ಗಾಳಿಯನ್ನು ಹಿಂಗೋಡೆಯ ಕಿಂಡಿಗಳ ಮೂಲಕ ಫ್ರಿಜ್ ಭಾಗಕ್ಕೆ ತಳ್ಳುತ್ತದೆ. ಆ ಕಿಂಡಿಗೆ ಹುಳಿಯ ಪಾತ್ರೆಯನ್ನು ಒತ್ತಿ ಇಟ್ಟರೆ ಪಾತ್ರೆಯ ಹಿಂಬದಿ ಮಂಜುಗಟ್ಟುತ್ತದೆ, ಕೆಳಗಿನ ಶೆಲ್ಫು ಬೆಚ್ಚಗಾಗುತ್ತದೆ. ಮೇಲಿನ ಕೊತ್ತಂಬರಿಯಲ್ಲಿ ಐಸಿನ ಹರಳು, ಕೆಳಗಿನ ದೋಸೆ ಹಿಟ್ಟು ಎರಡೇ ದಿನಕ್ಕೆ ಹುಳಿ: ಈ ಎರಡೂ ಒಟ್ಟಿಗೆ ಕಂಡರೆ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಪಾತ್ರೆಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು ನೋಡಬೇಕು. ಅನುಮಾನ ಉಳಿದರೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ನಡುವಿನ ಶೆಲ್ಫಿನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೋಡಿ. 4 ಡಿಗ್ರಿ ಇದ್ದರೆ ಸರಿ. 7, 8 ತೋರಿಸಿದರೆ ಮಾಡಿದ ಅಡುಗೆಗೆ ಅದು ಸಾಲದು. ಜ್ವರ ನೋಡುವ ಥರ್ಮಾಮೀಟರಿನಲ್ಲಿ ಇಷ್ಟು ಕೆಳಗಿನ ಅಂಕಿ ಇರುವುದಿಲ್ಲ, ಫ್ರಿಜ್‌ಗೆಂದೇ ಇರುವುದು ಬೇಕು.

ಇದರಲ್ಲಿ ಬಿಸಿ ಪಾತ್ರೆಯ ಪ್ರಶ್ನೆಯೂ ಸೇರಿದೆ. ಐದು ಲೀಟರ್ ಹುಳಿಯನ್ನು ಕುದಿ ಕುದಿಯಾಗಿ ಒಳಗಿಟ್ಟರೆ ಪಕ್ಕದ ಹಾಲು ಮೊಸರಿನ ತಂಪೂ ಇಳಿಯುತ್ತದೆ. ಹಾಗೆಂದು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದೂ ತಪ್ಪು. ಅದರಲ್ಲೂ ಅನ್ನವನ್ನು ಬಿಡಬಾರದು: ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಂದರೂ ಬೀಜಾಣುವಾಗಿ ಉಳಿದು, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಾಂತಿ ತರಿಸುವ ವಿಷ ಮಾಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹುಳಿಯನ್ನು ಎರಡು ಮೂರು ಅಗಲ ಪಾತ್ರೆಗಳಿಗೆ ಹಂಚಿ, ನಾಲ್ಕೈದು ಸೆಂಟಿಮೀಟರ್ ಆಳಕ್ಕಿಂತ ಹೆಚ್ಚಾಗದ ಹಾಗೆ ಹರಡಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಕೈಯಾಡಿಸಿದರೆ ಬೇಗ ಆರುತ್ತದೆ. ಅಗಲದ ಶೆಲ್ಫು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಹೀಗೆ ಇಟ್ಟ ಅಡುಗೆಯನ್ನೂ ಮೂರು ನಾಲ್ಕು ದಿನದೊಳಗೆ ಮುಗಿಸಬೇಕು.

ಸೈಡ್ ಬೈ ಸೈಡ್ ಯಾರಿಗೆ ಹೊಂದುತ್ತದೆ? ಅರ್ಧ ಲೀಟರಿನ ಚೌಕ ಡಬ್ಬಿಗಳಲ್ಲಿ ಅಡುಗೆಯನ್ನು ಫ್ರೀಜ್ ಮಾಡುವವರಿಗೆ. ಒಟ್ಟು ಜಾಗದ ಮೂರನೇ ಒಂದು ಪಾಲು ಅಥವಾ ಇನ್ನೂ ಹೆಚ್ಚು ಫ್ರೀಜರ್‌ಗೇ ಹೋಗುತ್ತದೆ. ನಿಲುವು ಶೆಲ್ಫುಗಳಲ್ಲಿ ಪ್ರತಿ ಡಬ್ಬಿಯೂ ಎದುರಿಗೆ ಕಾಣುತ್ತದೆ. ಬೇಯಿಸಿದ ಬೇಳೆ, ಅವರೆಕಾಳು, ಚಪಾತಿ, ತೆಂಗಿನ ತುರಿ ಫ್ರೀಜರ್‌ಗೆ ಚೆನ್ನಾಗಿ ಒಗ್ಗುತ್ತವೆ. ಆಲೂಗಡ್ಡೆ ಹಾಕಿದ ಹುಳಿ ಕರಗಿದ ಮೇಲೆ ಮರಳು ಮರಳಾಗುತ್ತದೆ, ಮಜ್ಜಿಗೆ ಹುಳಿ ಒಡೆಯುತ್ತದೆ. ನಮ್ಮ ಊಟದ ಹೆಚ್ಚಿನ ಪಾಲು ಫ್ರೀಜರ್ ಕೇಳುವುದೇ ಇಲ್ಲ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಅಷ್ಟು ದೊಡ್ಡ ಫ್ರೀಜರ್‌ನಲ್ಲಿ ಬಟಾಣಿಯ ಪೊಟ್ಟಣವೂ ಐಸ್ ಟ್ರೇಯೂ ಕೂತಿರುತ್ತವೆ.

ಕೆಳಗಿನ ಫ್ರೀಜರಿನದು ಬಜೆಟ್‌ಗೆ ಎಟುಕದಿದ್ದರೆ ಕನ್ವರ್ಟಿಬಲ್ ಎಂದು ಮಾರುವ ಡಬಲ್ ಡೋರ್ ನೋಡಬಹುದು. ಬಟನ್ ಒತ್ತಿದರೆ ಫ್ರೀಜರೂ ಫ್ರಿಜ್ ಆಗುತ್ತದೆ. ಹಬ್ಬದ ದಿನ ಹೋಳಿಗೆ, ಪಾಯಸ, ಕೋಸಂಬರಿಗೆ ಕಣ್ಣೆತ್ತರದಲ್ಲೇ ಇನ್ನೊಂದು ಅಂತಸ್ತು ಸಿಕ್ಕಂತೆ. ಬದಲಿಸುವ ಮೊದಲು ಫ್ರೀಜರ್ ಖಾಲಿ ಮಾಡಬೇಕು, ಮರಳಿ ಗಡ್ಡೆಕಟ್ಟುವ ತಂಪಿಗೆ ಬರಲು ಹಲವು ಗಂಟೆ ಹಿಡಿಯುತ್ತದೆ.

ಅಕ್ಕ ತೆಗೆದುಕೊಂಡದ್ದು ಕೆಳಗೆ ಫ್ರೀಜರ್ ಇರುವುದನ್ನೇ. ಸೈಡ್ ಬೈ ಸೈಡ್ ಅವಳಿಗೂ ಇಷ್ಟವಾಗಿತ್ತು. "ಅಕ್ಕ, ಅಡುಗೆಮನೆ ಬಾಗಿಲು ಎಷ್ಟಿದೆ ನೋಡಿದ್ಯಾ?" ಎಂದೆ. ಚೌಕಟ್ಟಿನ ಒಳಗೆ 80 ಸೆಂಟಿಮೀಟರ್ ಇತ್ತು. 90ರ ಪೆಟ್ಟಿಗೆ ಅದರಲ್ಲಿ ನೇರವಾಗಿ ಒಳಗೆ ಹೋಗುತ್ತಿರಲಿಲ್ಲ. ಈಗ ಹುಳಿ, ಹಿಟ್ಟು ನಡುವಿನ ಶೆಲ್ಫಿನಲ್ಲಿ ಅಕ್ಕಪಕ್ಕ ಇವೆ, ಸಾರು ಮೊಸರು ಅದರ ಮೇಲೆ. ಹಿಟ್ಟು ಉಬ್ಬಿದರೂ ಚೆಲ್ಲದಿರಲೆಂದು ಪಾತ್ರೆಯ ಮುಕ್ಕಾಲಿಗಿಂತ ಹೆಚ್ಚು ತುಂಬುವುದಿಲ್ಲ.