ಶ್ರುತಿ, ಭರತ, ಎದೆಬಡಿತ: ಕೂಡುವ ಅಲೆಗಳ ಲೆಕ್ಕ

ಫೆಬ್ರುವರಿ 28ರ ವಿಜ್ಞಾನ ದಿನ ಹತ್ತಿರವಾದಂತೆ ಪ್ರೌಢಶಾಲೆಗಳಲ್ಲಿ ಭಾಷಣದ ತಯಾರಿ ಶುರುವಾಗುತ್ತದೆ. ಐದು ನಿಮಿಷದ ಮಾತಿಗೆ ಸೈನ್ ಅಲೆ ಹೇಳಿ ಮಾಡಿಸಿದ ವಿಷಯ. ಸಂಗೀತ, ಸಮುದ್ರದ ಭರತ, ಎದೆಬಡಿತ ಮೂರೂ ಅದರಡಿ ಬರುತ್ತವೆ. ಆದರೆ ‘ಈ ಮೂರೂ ಸೈನ್ ಅಲೆಗಳೇ’ ಎಂದು ಸಾರಿಬಿಟ್ಟರೆ ಭಾಷಣ ಅಲ್ಲೇ ಎಡವುತ್ತದೆ. ಮೂರರಲ್ಲಿ ಒಂದೂ ಬರಿಯ ಸೈನ್ ಅಲೆಯಲ್ಲ. ಮೂರೂ ಹಲವು ಸೈನ್ ಅಲೆಗಳ ಮೊತ್ತ.

ಒಂದೇ ವೇಗದಲ್ಲಿ ಸುತ್ತುವ ಚಕ್ರದ ಅಂಚಿಗೆ ಚುಕ್ಕಿ ಇಟ್ಟು, ಅದು ಕ್ಷಣಕ್ಷಣಕ್ಕೂ ಎಷ್ಟು ಎತ್ತರದಲ್ಲಿದೆ ಎಂದು ಕಾಗದದ ಮೇಲೆ ಗುರುತಿಸುತ್ತ ಹೋದರೆ ಮೂಡುವ ನಯವಾದ ಏರಿಳಿತವೇ ಸೈನ್ ಅಲೆ. ಮತ್ತೆಮತ್ತೆ ಮರುಕಳಿಸುವ ಆಕಾರ ಎಷ್ಟೇ ವಕ್ರವಾಗಿರಲಿ, ಇಂಥ ಅಲೆಗಳನ್ನು ಕೂಡಿಸಿ ಅದನ್ನು ಕಟ್ಟಬಹುದು ಎಂಬ ವಿಚಾರವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ ಶಾಖದ ಬಗ್ಗೆ ಬರೆದ 1822ರ ಗ್ರಂಥದಲ್ಲಿ ಮುಂದಿಟ್ಟ.

ಈ ಕೂಡಿಕೆಯನ್ನು ತಂಬೂರಿಯಲ್ಲಿ ಕಿವಿಯಾರೆ ಕೇಳಬಹುದು. ಅದರ ಸಾರಣಿ, ಅನುಸಾರಣಿ ಎಂಬ ನಡುವಿನ ಎರಡು ತಂತಿಗಳೂ ಒಂದೇ ಷಡ್ಜಕ್ಕೆ ಸೇರಬೇಕು. ಒಂದು ಸೆಕೆಂಡಿಗೆ 130 ಸಲ, ಇನ್ನೊಂದು 132 ಸಲ ಕಂಪಿಸುತ್ತಿದೆ ಎಂದುಕೊಳ್ಳೋಣ. ಎರಡರ ಏರುಗಳು ಜೊತೆಯಾದಾಗ ನಾದ ಜೋರಾಗುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿತ ಎದುರಾದಾಗ ಕುಗ್ಗುತ್ತದೆ. ಹೀಗೆ ಸೆಕೆಂಡಿಗೆ ಎರಡು ಸಲ ‘ವ್ಹಂ ವ್ಹಂ’ ಎಂಬ ಅಲುಗಾಟ ಕೇಳುತ್ತದೆ. 132ರಿಂದ 130 ಕಳೆದರೆ ಎರಡು, ಅಷ್ಟೇ ಲೆಕ್ಕ. ಶ್ರುತಿ ಮಾಡುವವರು ಮಣಿಯನ್ನು ಸರಿಸುತ್ತ ಕಾಯುವುದು ಈ ಅಲುಗಾಟ ನಿಧಾನವಾಗಿ, ಕೊನೆಗೆ ನಿಂತುಹೋಗುವುದನ್ನೇ.

ಇದೇ ಕಳೆಯುವ ಲೆಕ್ಕ ಸಮುದ್ರದಲ್ಲೂ ನಡೆಯುತ್ತದೆ, ಸೆಕೆಂಡಿನ ಬದಲು ವಾರಗಳಲ್ಲಿ. ಚಂದ್ರನ ಸೆಳೆತದಿಂದ ಏಳುವ ಮುಖ್ಯ ಅಲೆಗೆ 12 ಗಂಟೆ 25 ನಿಮಿಷಕ್ಕೊಂದು ಸುತ್ತು. ಸೂರ್ಯನದಕ್ಕೆ ಸರಿಯಾಗಿ 12 ಗಂಟೆ. ಸೂರ್ಯನ ಬಲ ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ. ಅಮಾವಾಸ್ಯೆಯ ಹೊತ್ತಿಗೆ ಎರಡೂ ಜೊತೆಯಾಗಿ ಏರುತ್ತವೆ ಎನ್ನಿ. ಮರುದಿನ ಚಂದ್ರನ ಅಲೆ ಸುಮಾರು 50 ನಿಮಿಷ ತಡ, ಅದರ ಮರುದಿನ ಇನ್ನೂ 50. ಏಳು ದಿನ ಕಳೆದು ಚೂರು ಹೊತ್ತಿಗೆ ಆರು ಗಂಟೆಯ ಅಂತರ ಬಿದ್ದು, ಚಂದ್ರ ನೀರನ್ನು ಏರಿಸುವಾಗ ಸೂರ್ಯ ಇಳಿಸುತ್ತಿರುತ್ತಾನೆ. ಭರತ ಸಪ್ಪೆಯಾಗುತ್ತದೆ. ಹದಿನಾಲ್ಕು ಮುಕ್ಕಾಲು ದಿನಕ್ಕೆ ಎರಡೂ ಮತ್ತೆ ಜೊತೆಗೂಡುತ್ತವೆ, ಆಗ ಹುಣ್ಣಿಮೆಯ ದೊಡ್ಡ ಭರತ. ತಂಬೂರಿಯ ‘ವ್ಹಂ’ ಇಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತದೆ.

ಎರಡೇ ಅಲೆಗಳಿಂದ ಬಂದರಿನ ಲೆಕ್ಕ ಮುಗಿಯುವುದಿಲ್ಲ. ದಿನಕ್ಕೊಂದೇ ಸಲ ಏರುವ ಅಲೆಗಳೂ ಇವೆ. ಕರ್ನಾಟಕದ ಕರಾವಳಿಯಲ್ಲಿ ಒಂದೇ ದಿನದ ಎರಡು ಭರತಗಳು ಸಮಾನವಾಗಿರದಿರಲು ಅವೇ ಕಾರಣ. ಇವೆಲ್ಲವನ್ನೂ ಕೈಯಲ್ಲಿ ಕೂಡಿಸುವುದು ಬೇಸರದ ಕೆಲಸ. ಆದ್ದರಿಂದ 1870ರ ದಶಕದಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ, ಒಂದು ಯಂತ್ರ ರೂಪಿಸಿದ. ಒಂದೊಂದು ಅಲೆಗೆ ಒಂದೊಂದು ರಾಟೆ ಮೇಲೆ ಕೆಳಗೆ ಆಡುತ್ತಿತ್ತು. ಎಲ್ಲ ರಾಟೆಗಳನ್ನೂ ಹಾದುಬಂದ ಒಂದೇ ತಂತಿ ಅವುಗಳ ಮೊತ್ತವನ್ನು ಪೆನ್ನಿಗೆ ಮುಟ್ಟಿಸುತ್ತಿತ್ತು. ಭಾರತದ ಬಂದರುಗಳಿಗೆಂದೇ 1879ರಲ್ಲಿ ಇಂಥದೊಂದು ಯಂತ್ರ ಲಂಡನ್ನಿನಲ್ಲಿ ತಯಾರಾಯಿತು. ಆದರೂ ಬಿರುಗಾಳಿ ತಂದು ಸುರಿಯುವ ನೀರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಚಂಡಮಾರುತಕ್ಕೆ ವೇಳಾಪಟ್ಟಿ ಇಲ್ಲ.

ಹೃದಯದ ವಿಷಯಕ್ಕೆ ಬಂದರೆ ಚಿತ್ರ ಬೇರೆ. ನಿಮಿಷಕ್ಕೆ 72 ಬಡಿತವೆಂದರೆ ಮೂಲ ಅಲೆ ಸೆಕೆಂಡಿಗೆ 1.2 ಸಲ. ಆದರೆ ಇಸಿಜಿಯಲ್ಲಿ ಕಾಣುವ ಚೂಪು ಮೊನೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎದ್ದು ಇಳಿದುಬಿಡುತ್ತದೆ. ಅಷ್ಟು ಚೂಪು ಬರಬೇಕಾದರೆ 2.4, 3.6 ಎಂದು ಮೇಲೇರುತ್ತ ಹತ್ತಾರು ವೇಗದ ಅಲೆಗಳು ಸೇರಬೇಕು. ಹಾಗಾಗಿ ರೋಗ ಪತ್ತೆಗೆಂದು ತೆಗೆಯುವ ಇಸಿಜಿಯಲ್ಲಿ ಸೆಕೆಂಡಿಗೆ 150 ಆವರ್ತನದವರೆಗೂ ದಾಖಲಿಸುತ್ತಾರೆ. 40ಕ್ಕೇ ಸೋಸಿದರೆ ಗೆರೆ ನಯವಾಗಿ ಕಾಣುತ್ತದೆ, ಮೊನೆಯ ಎತ್ತರ ಮಾತ್ರ ಮೋಸ ಮಾಡುತ್ತದೆ. ಕಾಗದದ ಒಂದೊಂದು ಪುಟ್ಟ ಚೌಕದಲ್ಲಿ ಎರಡೆರಡು ಸಣ್ಣ ನಡುಕ ಕಂಡರೆ ಅದು ಹೃದಯದ್ದಲ್ಲ. ಗೋಡೆಯ ವಿದ್ಯುತ್ತಿನ 50 ಆವರ್ತನದ ಸೈನ್ ಅಲೆ ನುಸುಳಿದೆ ಎಂದರ್ಥ.

ಅಷ್ಟೇ ಅಲ್ಲ, ಆರೋಗ್ಯವಂತರ ಬಡಿತ ಗಡಿಯಾರದಂತೆ ಮರುಕಳಿಸುವುದೂ ಇಲ್ಲ. ಉಸಿರೆಳೆದಾಗ ತುಸು ಚುರುಕು, ಬಿಟ್ಟಾಗ ತುಸು ನಿಧಾನ.

ಹಾಗಾದರೆ ಇಸಿಜಿಯಲ್ಲಿ ನಯವಾದ ಸೈನ್ ಅಲೆಯಂಥದೇ ಕಂಡರೆ? ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದಾಗ ಹಾಗಾಗಬಹುದು. ಚೂಪು ಮೊನೆ ಅಗಲವಾಗುತ್ತ ಹೋಗಿ ಪಕ್ಕದ ಉಬ್ಬಿನೊಂದಿಗೆ ಕಲೆತುಬಿಡುತ್ತದೆ. ಹೃದಯ ನಿಲ್ಲುವ ಅಪಾಯ ಆಗ ತೀರ ಹತ್ತಿರ. ವೈದ್ಯರು ರಕ್ತಪರೀಕ್ಷೆಯ ವರದಿಗೆ ಕಾಯದೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಲು ಮುಂದಾಗುತ್ತಾರೆ.