ಚಳ್ಳಕೆರೆಗೆ ಹೋದದ್ದು ಯಾವ ಲೆಕ್ಕಕ್ಕೆ?

ಕೃಷಿ ವಿಶ್ವವಿದ್ಯಾಲಯದ ಮೇಷ್ಟ್ರುಗಳು ವರ್ಷಕ್ಕೊಮ್ಮೆ ತಮ್ಮ ಕೆಲಸದ ವರದಿ ಬರೆದು ಒಪ್ಪಿಸಬೇಕು. ನಮೂನೆ ಒಂದೊಂದು ಕಡೆ ಒಂದೊಂದು ಥರ ಇದ್ದರೂ ತಿರುಳು ಒಂದೇ: ಪಾಠ ಮಾಡಿದ್ದೆಷ್ಟು, ಸಂಶೋಧನೆ ಏನು, ರೈತರ ನಡುವೆ ಮಾಡಿದ್ದೇನು, ಸಂಸ್ಥೆ ನಡೆಯಲು ಹೊತ್ತ ಹೊಣೆ ಯಾವುದು. ಬೋಧನೆ, ಸಂಶೋಧನೆ, ವಿಸ್ತರಣೆ, ಸೇವೆ. ಪ್ರತಿ ಸಾಲಿಗೂ ಪುರಾವೆ ಬೇಕು. ಮುಂದೆ ಬಡ್ತಿಯ ಅರ್ಜಿ ಹಾಕುವಾಗ ಈ ಹಳೆಯ ವರದಿಗಳೇ ಎದ್ದು ಬಂದು ಸಾಕ್ಷಿ ಹೇಳುತ್ತವೆ.

ಈ ವಿಂಗಡಣೆಯ ಬೇರು ಅಮೆರಿಕದ್ದು. 1862ರ ಮೊರಿಲ್ ಕಾಯಿದೆ ಅಲ್ಲಿ ಕೃಷಿ ಕಾಲೇಜುಗಳಿಗೆ ಭೂಮಿ ಕೊಟ್ಟಿತು. 1887ರ ಹ್ಯಾಚ್ ಕಾಯಿದೆ ಅವಕ್ಕೆ ಸಂಶೋಧನಾ ಕೇಂದ್ರಗಳನ್ನು ಸೇರಿಸಿತು. 1914ರ ಸ್ಮಿತ್–ಲೀವರ್ ಕಾಯಿದೆ ಅಲ್ಲಿನ ತಿಳಿವಳಿಕೆಯನ್ನು ರೈತನ ಹೊಲದವರೆಗೆ ಒಯ್ಯುವ ವಿಸ್ತರಣೆಯನ್ನು ಕಟ್ಟಿತು. 1960ರಲ್ಲಿ ಪಂತನಗರದಲ್ಲಿ, 1964ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಅದೇ ಅಚ್ಚಿನವು. ಹಾಗಾಗಿ ಇಲ್ಲಿ ವಿಸ್ತರಣೆಗೆ ಸ್ವಂತ ಮನೆಯಿದೆ. ಸಾಮಾನ್ಯ ಕಾಲೇಜುಗಳಿಗೆ ಅನ್ವಯಿಸುವ ಯುಜಿಸಿಯ 2018ರ ನಿಯಮಾವಳಿಯಲ್ಲಾದರೋ ಅದು ಆಡಳಿತ, ಪರೀಕ್ಷೆ, ವಿಚಾರ ಸಂಕಿರಣಗಳ ಸಾಲಿನಲ್ಲಿ ನಿಂತ ಒಂದು ಬಾಬ್ತು ಮಾತ್ರ.

ಕಷ್ಟ ಇರುವುದು ನಮೂನೆಯಲ್ಲಲ್ಲ, ದಾಖಲೆಗಳಲ್ಲಿ. ಸಸ್ಯರೋಗ ಶಾಸ್ತ್ರದ ಒಬ್ಬ ಸಹಾಯಕ ಪ್ರಾಧ್ಯಾಪಕಿಯನ್ನು ಊಹಿಸಿಕೊಳ್ಳೋಣ. ಅವರ ವರದಿಯ ವರ್ಷ ಜುಲೈಯಿಂದ ಜೂನ್. ಹಾಜರಿ ಪುಸ್ತಕ ವಿಭಾಗದ ಬೀರುವಿನಲ್ಲಿದೆ. ಡೀನರು ಹೊರಡಿಸಿದ ಸಮಿತಿಯ ಆದೇಶಗಳು ಇ-ಮೇಲ್‌ನಲ್ಲಿವೆ. ಕ್ಷೇತ್ರೋತ್ಸವದ ಫೋಟೋಗಳು ಮೂರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಹೋಗಿವೆ. ಆಕಾಶವಾಣಿಯ ಭಾಷಣದ ಒಪ್ಪಂದ ಪತ್ರ ಮನೆಯ ಡ್ರಾಯರಿನಲ್ಲಿದೆ. ಸ್ನಾತಕೋತ್ತರ ವಿದ್ಯಾರ್ಥಿಯ ಸಲಹಾ ಸಮಿತಿಯ ನಡಾವಳಿ ಎಲ್ಲಿದೆಯೋ ಯಾರಿಗೂ ನೆನಪಿಲ್ಲ.

ಇಂಥ ಸಂದರ್ಭದಲ್ಲಿ ಬಹುಪಾಲು ಜನ ನಾಲ್ಕು ಫೋಲ್ಡರ್ ಮಾಡಿ ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ಹಾಕತೊಡಗುತ್ತಾರೆ. ಅದು ಆತುರ. ಯಾವುದೂ ವಿಂಗಡಣೆಯಾಗುವ ಮೊದಲು ಇಡೀ ವರ್ಷ ದಿನಾಂಕದ ಕ್ರಮದಲ್ಲಿ ಒಂದೇ ಪಟ್ಟಿಯಾಗಬೇಕು: ಯಾವತ್ತು, ಎಲ್ಲಿ, ಏನು ನಡೆಯಿತು, ನನ್ನ ಪಾತ್ರವೇನು, ಪುರಾವೆ ಯಾವುದು, ಅದು ಎಲ್ಲಿದೆ. ಪಟ್ಟಿಗೆ ಬೆನ್ನೆಲುಬಾಗಿ ನಿಲ್ಲುವುದು ಪ್ರವಾಸ ಭತ್ಯೆಯ ಬಿಲ್ಲುಗಳು. ದುಡ್ಡಿನ ವ್ಯವಹಾರವಾದ್ದರಿಂದ ಅವುಗಳಲ್ಲಿ ದಿನಾಂಕ ತಪ್ಪಿರುವುದು ಅಪರೂಪ. ಅದಾದ ಮೇಲೆ ಇ-ಮೇಲ್. ಬಂದವುಗಳಿಗಿಂತ ಕಳಿಸಿದವುಗಳನ್ನು ನೋಡುವುದು ಲಾಭ. ಬಂದ ಪತ್ರದಲ್ಲಿ ಆಹ್ವಾನವಿರುತ್ತದೆ, ಕಳಿಸಿದ್ದರಲ್ಲಿ ನಿಜಕ್ಕೂ ಮಾಡಿದ ಕೆಲಸವಿರುತ್ತದೆ. ಫೋನಿನ ಫೋಟೋಗಳು ಕೊನೆಗೆ, ಬಿಟ್ಟುಹೋದ ದಿನಗಳನ್ನು ಹಿಡಿಯಲು.

ಈಗ ಪಟ್ಟಿಯ ಒಂದೇ ಸಾಲನ್ನು ಬಿಚ್ಚೋಣ. ಸೆಪ್ಟೆಂಬರ್ 12, ಚಳ್ಳಕೆರೆ ತಾಲ್ಲೂಕು, ಶೇಂಗಾ ಹೊಲ. ಬಿಲ್ಲಿನಲ್ಲಿ ಇರುವುದು ಇಷ್ಟೆ. ನಡೆದದ್ದು ಮಾತ್ರ ನಾಲ್ಕು ಸಂಗತಿ. ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿದ ಹತ್ತು ರೈತರ ಪ್ರಾತ್ಯಕ್ಷಿಕೆ ತಾಕುಗಳು ಅಲ್ಲಿವೆ, ಅವುಗಳಲ್ಲೊಂದರಲ್ಲಿ ಕ್ಷೇತ್ರೋತ್ಸವವಾಯಿತು. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ತಂಗಿದ್ದ ಬಿ.ಎಸ್ಸಿ. ವಿದ್ಯಾರ್ಥಿಗಳು ಜೊತೆಗಿದ್ದರು. ವಾಪಸಾಗುವಾಗ ಮೇಡಂ ಕಾಂಡ ಕೊಳೆ ರೋಗ ಬಂದ ಗಿಡಗಳ ಮಾದರಿಯನ್ನು ತಮ್ಮ ಯೋಜನೆಗೆಂದು ಕಿತ್ತು ತಂದರು. ಕಾರ್ಯಕ್ರಮದ ಸಂಘಟನಾ ಸಮಿತಿಯಲ್ಲಿ ಅವರ ಹೆಸರೂ ಇತ್ತು. ನಾಲ್ಕು ಭಾಗಗಳೂ ಈ ಒಂದು ದಿನಕ್ಕೆ ಕೈಚಾಚುತ್ತವೆ.

ಇಲ್ಲಿ ಕೇಳಬೇಕಾದ್ದು, ಈ ಕೆಲಸ ಯಾರಿಗಾಗಿ ನಡೆಯಿತು, ಅದರಿಂದ ಕೈಗೆ ಏನು ಬಂತು ಎಂದು. ಕ್ಷೇತ್ರೋತ್ಸವ ರೈತರಿಗಾಗಿ, ಅದು ವಿಸ್ತರಣೆ, ಅನುಮಾನವೇ ಇಲ್ಲ. ವಿದ್ಯಾರ್ಥಿಗಳ ಮೇಲ್ವಿಚಾರಣೆ ಬೋಧನೆ, ಆದರೆ ಕಾರ್ಯಾನುಭವಕ್ಕೆ ಕ್ರೆಡಿಟ್ ಇರುವುದರಿಂದ ಆ ಹೊಣೆ ಬೋಧನೆಯ ಭಾಗದಲ್ಲಿ ಆಗಲೇ ಒಂದು ಸಾಲಾಗಿ ಬಂದಿರುತ್ತದೆ. ಈ ದಿನವನ್ನು ಮತ್ತೆ ಬರೆದರೆ ಎರಡು ಸಲ ಎಣಿಸಿದಂತೆ. ಗಿಡದ ಮಾದರಿ ಸಂಶೋಧನೆಗೆ ಸೇರಿದ್ದು ನಿಜ, ಆದರೆ ಅದಿನ್ನೂ ಫಲಿತಾಂಶವಲ್ಲ; ಯೋಜನೆಯ ಪ್ರಗತಿಯ ಪ್ಯಾರಾದಲ್ಲಿ ಒಂದು ವಾಕ್ಯವಾಗಿ ಬಂದರೆ ಸಾಕು. ಸಂಘಟನಾ ಸಮಿತಿಯ ಸದಸ್ಯತ್ವವನ್ನು ನಾನಂತೂ ಬಿಟ್ಟೇಬಿಡುತ್ತೇನೆ. ತಾನೇ ನಡೆಸಿದ ಕಾರ್ಯಕ್ರಮದ ಸಮಿತಿಯಲ್ಲಿ ತಾನಿರುವುದು ಬೇರೊಂದು ಸೇವೆಯಾಗುವುದು ಹೇಗೆ?

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಆ ಹತ್ತು ತಾಕುಗಳದ್ದು. ಮುಂಚೂಣಿ ಪ್ರಾತ್ಯಕ್ಷಿಕೆಯ ತಾಕು ಸಾಮಾನ್ಯವಾಗಿ ಒಂದು ಎಕರೆಯದು. ಪಕ್ಕದಲ್ಲೇ ರೈತನ ರೂಢಿಯ ಬೇಸಾಯದ ತಾಕು ಇರುತ್ತದೆ. ಎರಡರಲ್ಲೂ ರೋಗದ ಪ್ರಮಾಣ, ಇಳುವರಿ ಅಳೆಯುತ್ತಾರೆ. ಅಂಕಿಗಳಿವೆ, ಹೋಲಿಕೆಯಿದೆ, ಹಾಗಾಗಿ ಅದನ್ನು ಸಂಶೋಧನೆಗೆ ಹಾಕುವ ಆಸೆ ಸಹಜ. ಆದರೆ ಪ್ರಾತ್ಯಕ್ಷಿಕೆ ಹಾಕುವಾಗ ಉತ್ತರ ಆಗಲೇ ಗೊತ್ತಿರುತ್ತದೆ. ಶಿಫಾರಸಾಗಿರುವ ತಂತ್ರವನ್ನೇ ರೈತ ಕಣ್ಣಾರೆ ಕಾಣಲೆಂದು ತೋರಿಸುವುದು ಅಲ್ಲಿನ ಕೆಲಸ. ಅದು ವಿಸ್ತರಣೆ. ಹಲವು ಕೇಂದ್ರಗಳಲ್ಲಿ ಒಂದೇ ವಿನ್ಯಾಸದಲ್ಲಿ, ಒಂದೊಂದು ಉಪಚಾರವನ್ನೂ ಹಲವು ಸಲ ಪುನರಾವರ್ತಿಸಿ, ಯಾವುದು ಮೇಲು ಎಂದು ಹುಡುಕುವ ಬಹುಸ್ಥಳ ಪ್ರಯೋಗದಲ್ಲಿ ಉತ್ತರ ಗೊತ್ತಿರುವುದಿಲ್ಲ. ಅದು ಸಂಶೋಧನೆ. ಇವೆರಡರ ನಡುವೆ ಕೃಷಿ ವಿಜ್ಞಾನ ಕೇಂದ್ರದವರ ಕ್ಷೇತ್ರ ಪ್ರಯೋಗವಿದೆ: ಬೇರೆಡೆ ಗೆದ್ದ ತಂತ್ರ ಈ ಊರಿನ ಮಣ್ಣಿಗೆ ಒಗ್ಗುತ್ತದೆಯೇ ಎಂದು ರೈತನ ಹೊಲದಲ್ಲೇ ಪರೀಕ್ಷಿಸುವುದು. ಅದನ್ನು ಎಲ್ಲಿಡಬೇಕೆಂದು ನಮೂನೆ ಹೇಳಿದ್ದರೆ ಅಲ್ಲಿಡಿ. ಹೇಳದಿದ್ದರೆ ಮುಖ್ಯಸ್ಥರನ್ನು ಕೇಳಿ, ಒಂದು ಕಡೆ ಇಟ್ಟು, ಮುಂದಿನ ವರ್ಷವೂ ಅಲ್ಲೇ ಇಡಿ. ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ ಎಂದು ಜಾಗ ಬದಲಾದರೆ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟವರಿಗೆ ಸಂಶಯ ಬರುತ್ತದೆ.

ಇನ್ನು ಬರೆಯುವ ಬಗೆ. ‘ರೈತರಿಗೆ ತರಬೇತಿ ನೀಡಲಾಯಿತು’ ಎಂಬ ವಾಕ್ಯ ಯಾವ ವರ್ಷದ ಯಾವ ವರದಿಯಲ್ಲಾದರೂ ಕೂರುತ್ತದೆ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ. ಬದಲಿಗೆ: ‘ಶೇಂಗಾ ಕಾಂಡ ಕೊಳೆ ರೋಗಕ್ಕೆ ಟ್ರೈಕೋಡರ್ಮಾ ಬೀಜೋಪಚಾರ, ಚಳ್ಳಕೆರೆ ತಾಲ್ಲೂಕು, 10 ಪ್ರಾತ್ಯಕ್ಷಿಕೆ, ಒಟ್ಟು 10 ಎಕರೆ, ಕ್ಷೇತ್ರೋತ್ಸವ 1, ಸೆ. 12, ರೈತರು 46. ಪಾತ್ರ: ತಾಕುಗಳ ಆಯ್ಕೆ, ತಾಂತ್ರಿಕ ಮಾರ್ಗದರ್ಶನ, ಉಪನ್ಯಾಸ.’ ಈ 46 ಬಂದದ್ದು ಸಹಿಯಿರುವ ಹಾಜರಿ ಪಟ್ಟಿಯಿಂದ. ಫೋಟೋದಲ್ಲಿ ಅರವತ್ತು ತಲೆ ಕಾಣಬಹುದು. ಅದರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಊಟದ ಹೊತ್ತಿಗೆ ಬಂದವರೂ ಇದ್ದಾರೆ. ಪುರಾವೆಯ ಕಡತಕ್ಕೆ `2024-09-12_E_Challakere_hajari.pdf` ಎಂಬಂಥ ಹೆಸರಿಟ್ಟರೆ ಕಂಪ್ಯೂಟರು ತಾನೇ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಡುತ್ತದೆ. ನಡುವಿನ ಒಂದಕ್ಷರ ವಿಭಾಗದ ಗುರುತು: ಬೋಧನೆಗೆ `T`, ಸಂಶೋಧನೆಗೆ `R`, ಸೇವೆಗೆ `S`, ವಿಸ್ತರಣೆಗೆ `E`.

ಬೋಧನೆಯ ಲೆಕ್ಕ ಸುಲಭವೆನಿಸಿದರೂ ಅಲ್ಲಿ ಜನ ತಮಗೆ ಬರಬೇಕಾದ್ದನ್ನೇ ಬಿಟ್ಟುಕೊಡುತ್ತಾರೆ. ಕೃಷಿ ಪದವಿಯಲ್ಲಿ ‘2+1’ ಎಂದರೆ ವಾರಕ್ಕೆ ಎರಡು ತರಗತಿ, ಒಂದು ಪ್ರಾಯೋಗಿಕ. ಸೆಮಿಸ್ಟರಿಗೆ 16 ವಾರ ಹಿಡಿದರೆ 32 ತರಗತಿ, 16 ಪ್ರಾಯೋಗಿಕ. ನಮ್ಮ ಮೇಡಂ ಪಠ್ಯವನ್ನು ಸಹೋದ್ಯೋಗಿಯೊಡನೆ ಹಂಚಿಕೊಂಡಿದ್ದಾರೆ. ಅವರ ಪಾಲಿಗೆ 20 ತರಗತಿ. ಪ್ರಾಯೋಗಿಕವೆಲ್ಲ ಅವರದೇ, ಆದರೆ ಎರಡು ಬ್ಯಾಚು, ಅಂದರೆ 32. ಈ ಎರಡನೆಯ ಬ್ಯಾಚನ್ನು ಮರೆಯುವವರೇ ಹೆಚ್ಚು. ಒಟ್ಟು ವಹಿಸಿದ್ದು 52. ಹಾಜರಿ ಪುಸ್ತಕದ ಪ್ರಕಾರ ತೆಗೆದುಕೊಂಡದ್ದು 18 ತರಗತಿ, 30 ಪ್ರಾಯೋಗಿಕ, ಒಟ್ಟು 48. ಶೇಕಡ 92. ಯುಜಿಸಿಯ ಅಳತೆಗೋಲಿನಲ್ಲಿ ಶೇಕಡ 80 ಮತ್ತು ಮೇಲ್ಪಟ್ಟದ್ದು ‘ಉತ್ತಮ’. ಸಹೋದ್ಯೋಗಿಯ 12 ತರಗತಿಗಳನ್ನೂ ಸೇರಿಸಿ 32 ಎಂದು ಬರೆದುಕೊಳ್ಳುವುದು ಮಾತ್ರ ಸಲ್ಲದು. ಆ ವರದಿಯೂ ಅದೇ ಮೇಜಿಗೆ ಬರುತ್ತದೆ.

ಸಂಶೋಧನೆಯಲ್ಲಿ ಜಗಳ ಹುಟ್ಟುವುದು ಲೇಖಕರ ಸಾಲಿನಿಂದ. ಯುಜಿಸಿ ನಿಯಮದಲ್ಲಿ ಕೃಷಿ ವಿಜ್ಞಾನದ ಒಂದು ಪ್ರಬಂಧಕ್ಕೆ 8 ಅಂಕ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆಯಿದ್ದರೆ ಇನ್ನೂ 10. ಒಟ್ಟು 18. ಆದರೆ ಲೇಖಕರು ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಪತ್ರವ್ಯವಹಾರದ ಲೇಖಕರಿಗೆ ಅದರ ಶೇಕಡ 70, ಅಂದರೆ 12.6, ಉಳಿದವರಿಗೆ ತಲಾ ಶೇಕಡ 30, ಅಂದರೆ 5.4. ಕೃಷಿ ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ಅಂಕವನ್ನೂ ನೋಡುತ್ತಾರೆ. ಲೆಕ್ಕದ ವಿಧಾನ ಯಾವುದೇ ಇರಲಿ, ಲೇಖಕರ ಹೆಸರುಗಳನ್ನು ಅಚ್ಚಾದ ಕ್ರಮದಲ್ಲೇ ಬರೆಯಬೇಕು. ದಿನಾಂಕದ ತೊಡಕೂ ಇದೆ. ಪ್ರಬಂಧ ಮೇನಲ್ಲಿ ಅಂಗೀಕಾರವಾಗಿ, ಜುಲೈನಲ್ಲಿ ಅಂತರ್ಜಾಲದಲ್ಲಿ ಬಂದು, ಜನವರಿಯ ಸಂಚಿಕೆಯಲ್ಲಿ ಅಚ್ಚಾದರೆ ಅದು ಎರಡು ವರ್ಷಗಳ ವರದಿಗೂ ನುಗ್ಗಬಲ್ಲದು. ಪ್ರಕಟವಾದ ವರ್ಷಕ್ಕೆ ಮಾತ್ರ ಸೇರಿಸುವುದು ಕ್ಷೇಮ. ಅಂಗೀಕಾರವಾದದ್ದನ್ನು ಹಾಗೆಂದೇ ಬರೆದು, ಅಂಕ ಕೇಳದೆ ಬಿಡಬಹುದು. ಸ್ನಾತಕೋತ್ತರ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದ್ದು ಬೋಧನೆಯಲ್ಲೋ ಸಂಶೋಧನೆಯಲ್ಲೋ ಎಂಬುದನ್ನು ಆಯಾ ನಮೂನೆ ಹೇಳುತ್ತದೆ. ಆ ಪ್ರಬಂಧದಿಂದ ಹುಟ್ಟಿದ ಲೇಖನ ಮಾತ್ರ ಎಲ್ಲೆಡೆಯೂ ಸಂಶೋಧನೆಯೇ.

ಸೇವೆಯ ಭಾಗ ಚಿಕ್ಕದಿದ್ದರೆ ನಾಚಬೇಕಾಗಿಲ್ಲ. ಹಾಸ್ಟೆಲ್ ವಾರ್ಡನ್, ಎನ್‌ಎಸ್‌ಎಸ್ ಅಧಿಕಾರಿ, ವೇಳಾಪಟ್ಟಿಯ ಹೊಣೆ, ಪತ್ರಿಕೆಗಳಿಗೆ ಪ್ರಬಂಧ ಪರಿಶೀಲನೆ ಇಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಆದೇಶದ ಪ್ರತಿ, ಸದಸ್ಯರೋ ಸಂಚಾಲಕರೋ, ಯಾವಾಗಿನಿಂದ ಯಾವಾಗಿನವರೆಗೆ. ಒಮ್ಮೆಯೂ ಸಭೆ ಸೇರದ ಆರು ಸಮಿತಿಗಳಿಗಿಂತ ವರ್ಷವಿಡೀ ನಡೆಸಿದ ಒಂದು ಹಾಸ್ಟೆಲು ಭಾರ. ಕೃಷಿ ಮೇಳ ಎರಡಾಗಿ ಒಡೆಯುತ್ತದೆ: ಮಳಿಗೆಗಳ ವ್ಯವಸ್ಥೆ ನೋಡಿಕೊಂಡಿದ್ದರೆ ಸೇವೆ, ಮಳಿಗೆಯಲ್ಲಿ ನಿಂತು ರೈತರ ಪ್ರಶ್ನೆಗೆ ಉತ್ತರಿಸಿದ್ದರೆ ವಿಸ್ತರಣೆ.

ಇಷ್ಟಾದ ಮೇಲೂ ಕೆಲವು ಕಾಗದ ಮಿಗುತ್ತವೆ. ಮೇಡಂ ಕೇಳುಗರಾಗಿ ಕೂತುಬಂದ ಕಾರ್ಯಾಗಾರದ ಪ್ರಮಾಣಪತ್ರ ನಾಲ್ಕರಲ್ಲಿ ಯಾವುದೂ ಅಲ್ಲ. ಅದು ಅವರ ಸ್ವಂತ ತರಬೇತಿ, ಅದಕ್ಕೆ ನಮೂನೆಯಲ್ಲಿ ಬೇರೆ ಜಾಗವಿದ್ದರೆ ಅಲ್ಲಿಗೆ. ಹೋಗಲಾಗದೆ ಉಳಿದ ಆಹ್ವಾನಗಳು ಪಟ್ಟಿಯಿಂದ ಆಚೆಗೆ. ಬೆಳಗ್ಗೆ ಆರಕ್ಕೆ ಫೋನು ಮಾಡಿ ‘ಗಿಡ ಒಣಗ್ತಾ ಅದೆ ಮೇಡಂ, ಏನು ಹೊಡೀಲಿ’ ಎಂದು ಕೇಳುವ ರೈತರ ಕರೆಗಳಿಗೆ ಸಹಿಯೂ ಇಲ್ಲ, ಫೋಟೋವೂ ಇಲ್ಲ. ಅವುಗಳಿಗೊಂದು ಪುಸ್ತಕ ಇಟ್ಟು ದಿನಾಂಕ, ಊರು, ಬೆಳೆ, ಹೇಳಿದ ಔಷಧಿ ಇಷ್ಟನ್ನು ಅಂದಂದೇ ಬರೆದಿದ್ದರೆ ವಿಸ್ತರಣೆಯಲ್ಲಿ ಒಂದು ಸಾಲಿಗೆ ಆಧಾರ ಸಿಗುತ್ತದೆ. ಜೂನ್ ತಿಂಗಳಲ್ಲಿ ಕೂತು ನೆನಪಿನಿಂದ ಬರೆದ ಪುಸ್ತಕ ಒಂದೇ ಶಾಯಿ, ಒಂದೇ ಬರವಣಿಗೆಯ ವೇಗದಿಂದ ತಾನೇ ಸಿಕ್ಕಿಬೀಳುತ್ತದೆ.