ಖರ್ಚಾದ ಗಂಟೆ, ಮುಗಿದ ಕೆಲಸ

ಮನೆಗೆ ಬಣ್ಣ ಹೊಡೆಸುವಾಗ ದಿನಗೂಲಿ ಕೊಟ್ಟರೆ, ಕೆಲಸ ಎಳೆದಷ್ಟೂ ನಷ್ಟ ಮನೆಯವರದು. ಒಟ್ಟಿಗೆ ಇಷ್ಟು ಎಂದು ಗುತ್ತಿಗೆಗೆ ಕೊಟ್ಟರೆ, ಎಳೆದ ದಿನಗಳ ಕೂಲಿ ಮೇಸ್ತ್ರಿಯ ಕೈಯಿಂದ ಹೋಗುತ್ತದೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳು ಹೊರದೇಶದ ಗ್ರಾಹಕರಿಂದ ಹಿಡಿಯುವ ಕೆಲಸಗಳಲ್ಲೂ ಈ ಎರಡು ಬಗೆಗಳಿವೆ. ಗಂಟೆಗಿಷ್ಟು ಎಂದು ಬಿಲ್ ಮಾಡುವುದಕ್ಕೆ ‘ಟೈಮ್ ಅಂಡ್ ಮೆಟೀರಿಯಲ್’ ಎನ್ನುತ್ತಾರೆ. ಬೆಲೆ ಮೊದಲೇ ಗೊತ್ತುಮಾಡಿಕೊಂಡು ಇಳಿಯುವುದು ‘ಫಿಕ್ಸೆಡ್ ಪ್ರೈಸ್’. ಎರಡನೆಯದರಲ್ಲಿ ಗ್ರಾಹಕರು ಸಾಮಾನ್ಯವಾಗಿ ಗಂಟೆಗಳ ಲೆಕ್ಕ ಕೇಳುವುದಿಲ್ಲ. ಅವರಿಗೆ ಕೆಲಸ ಸಿಕ್ಕರೆ ಸಾಕು. ಆದರೂ ಎಂಜಿನಿಯರುಗಳು ಶುಕ್ರವಾರ ಸಂಜೆ ಗೊಣಗಿಕೊಂಡು ಟೈಮ್‌ಶೀಟ್ ತುಂಬುತ್ತಾರೆ. ಲಾಭ ಕರಗುತ್ತಿದೆಯೇ ಎಂದು ಕಂಪನಿಗೆ ಹೊತ್ತಿಗೆ ಮುಂಚೆ ತಿಳಿಯಬೇಕಾದರೆ ಆ ಟೈಮ್‌ಶೀಟಿನಿಂದಲೇ ತಿಳಿಯಬೇಕು.

ವಿಚಿತ್ರವೆಂದರೆ, ಅಷ್ಟು ಗೊಣಗಾಟದಲ್ಲಿ ಕೂಡಿಟ್ಟ ಅಂಕಿಗಳನ್ನು ಅನೇಕ ಕಡೆ ಓದುವ ಕ್ರಮವೇ ತಪ್ಪು. ಒಂದು ಕಾಲ್ಪನಿಕ ಕೆಲಸವನ್ನು ತೆಗೆದುಕೊಂಡು ನೋಡೋಣ. ಕಂಪನಿ ಕಾಲ್ಪನಿಕವಾದರೂ ಕಥೆ ಈ ಉದ್ಯಮದವರಿಗೆ ಚೆನ್ನಾಗಿ ಪರಿಚಯದ್ದು.

ಮೈಸೂರಿನ ಒಂದು ಸಣ್ಣ ಕಂಪನಿ ನೆದರ್‌ಲೆಂಡ್ಸ್‌ನ ಪಂಪ್ ವ್ಯಾಪಾರಿಯೊಬ್ಬರಿಗೆ ಆರ್ಡರ್ ನೋಡಿಕೊಳ್ಳುವ ತಂತ್ರಾಂಶ ಬರೆದುಕೊಡಲು ಒಪ್ಪಿದೆ. ಬೆಲೆ 30 ಲಕ್ಷ ರೂಪಾಯಿ. ಕೆಲಸವನ್ನು ಬಿಡಿ ಬಿಡಿಯಾಗಿ ಅಂದಾಜು ಮಾಡಿ ಕೂಡಿಸಿದಾಗ 2,000 ಗಂಟೆ ಬಂದಿತ್ತು. ಸಂಬಳ, ಬಾಡಿಗೆ, ಕರೆಂಟು ಎಲ್ಲ ಸೇರಿ ಗಂಟೆಗೆ 1,100 ರೂಪಾಯಿ ಬೀಳುತ್ತದೆ. ಅಂದರೆ ಖರ್ಚು 22 ಲಕ್ಷ, ಉಳಿಯುವುದು 8 ಲಕ್ಷ. ಇಬ್ಬರು ಪೂರ್ತಿ ಹೊತ್ತು, ಒಬ್ಬರು ಅರ್ಧ ಹೊತ್ತು ಕೂತು ವಾರಕ್ಕೆ 100 ಗಂಟೆಯಂತೆ 20 ವಾರಗಳಲ್ಲಿ ಮುಗಿಸಬೇಕು.

ಐದನೇ ವಾರದ ಕೊನೆಗೆ ಟೈಮ್‌ಶೀಟಿನಲ್ಲಿ 500 ಗಂಟೆ ಸೇರಿದೆ. ಯೋಜನೆಯಲ್ಲಿದ್ದದ್ದೂ 500. ಮ್ಯಾನೇಜರ್ ವರದಿಯಲ್ಲಿ ಹಸಿರು ಬಣ್ಣ ಹಾಕಿ ಕಳಿಸುತ್ತಾರೆ. ಆದರೆ ಈ ಹೋಲಿಕೆ ಏನನ್ನೂ ಹೇಳುವುದಿಲ್ಲ. ಇಬ್ಬರೂವರೆ ಜನ ಐದು ವಾರ ಕೂತರೆ 500 ಗಂಟೆ ಆಗಲೇಬೇಕು, ಅವರು ಏನೂ ಮಾಡದೆ ಕೂತಿದ್ದರೂ ಆಗುತ್ತಿತ್ತು. ಕೇಳಬೇಕಾದ ಪ್ರಶ್ನೆ ಬೇರೆ: ಈ 500 ಗಂಟೆಗಳಲ್ಲಿ ಪೂರ್ತಿ ಮುಗಿದ ಕೆಲಸಗಳು ಯಾವುವು, ಅವಕ್ಕೆ ನಾವು ಮೊದಲು ಎಷ್ಟು ಗಂಟೆ ಅಂದಾಜು ಹಾಕಿದ್ದೆವು?

ಹಾಗೆ ಎಣಿಸಿದಾಗ ಚಿತ್ರ ಬದಲಾಗುತ್ತದೆ. 68 ಗಂಟೆ ಇನ್ನೂ ಅರ್ಧದಲ್ಲಿರುವ ಕೆಲಸಗಳಿಗೆ ಹೋಗಿದೆ, ಅದನ್ನು ಸದ್ಯಕ್ಕೆ ಬದಿಗಿಡೋಣ. ಮುಗಿದ ಕೆಲಸಗಳಿಗೆ ಹಿಡಿದದ್ದು 432 ಗಂಟೆ, ಅವುಗಳ ಅಂದಾಜು 360. ಒಂದು ಗಂಟೆಯದ್ದೆಂದು ಲೆಕ್ಕ ಹಾಕಿದ್ದಕ್ಕೆ ಒಂದೂಕಾಲು ಗಂಟೆಗೆ ತುಸು ಕಡಿಮೆ, ಸರಿಯಾಗಿ ಹೇಳಬೇಕೆಂದರೆ 1.2 ಗಂಟೆ ಹಿಡಿಯುತ್ತಿದೆ. ಇದೇ ನಡಿಗೆಯಲ್ಲಿ ಹೋದರೆ 2,000 ಗಂಟೆ 2,400 ಆಗುತ್ತದೆ, ಎಂಟು ಲಕ್ಷದ ಲಾಭ ಮೂರೂವರೆ ಲಕ್ಷದ ಸುತ್ತಮುತ್ತ ಬಂದು ನಿಲ್ಲುತ್ತದೆ.

ಇಲ್ಲಿಗೇ ಗಾಬರಿಯಾಗಿ ಎಲ್ಲರನ್ನೂ ಕರೆದು ‘ಬೇಗ ಮಾಡಿ’ ಎನ್ನುವವರೇ ಹೆಚ್ಚು. ಒಟ್ಟು ಸಂಖ್ಯೆಯನ್ನು ಕೆಲಸದ ಬಗೆಗಳ ಪ್ರಕಾರ ಒಡೆದು ನೋಡುವ ತಾಳ್ಮೆ ಇದ್ದರೆ ರೋಗ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಪರದೆಗಳನ್ನು ಬರೆಯಲು 180 ಗಂಟೆ ಅಂದಾಜು, ಹಿಡಿದದ್ದು 176. ಗ್ರಾಹಕರ ಜೊತೆ ಮಾತುಕತೆ, ವಿನ್ಯಾಸಕ್ಕೆ 40 ಅಂದಾಜು, 40ರಲ್ಲೇ ಆಯಿತು. ಪರೀಕ್ಷೆಗೆ 60 ಎಂದಿದ್ದರು, 66 ಆಯಿತು. ಉಳಿದದ್ದು ಒಂದೇ ಬಗೆ. ಹೊಸ ತಂತ್ರಾಂಶವನ್ನು ಆ ವ್ಯಾಪಾರಿ ಹದಿನೈದು ವರ್ಷಗಳಿಂದ ಬಳಸುತ್ತಿರುವ ಲೆಕ್ಕಪತ್ರದ ತಂತ್ರಾಂಶಕ್ಕೆ ಜೋಡಿಸುವ ಕೆಲಸ. ಅದಕ್ಕೆ 80 ಗಂಟೆ ಅಂದಾಜು ಹಾಕಿದ್ದರು, 150 ಹಿಡಿದಿದೆ. ತಂಡ ನಿಧಾನವಲ್ಲ. ಒಂದೇ ಬಗೆಯ ಕೆಲಸದ ಅಂದಾಜು ತಪ್ಪಿದೆ.

ಹೀಗೆ ಒಡೆದ ಮೇಲೆ ಮುಂದಿನ ಲೆಕ್ಕವೂ ಬದಲಾಗಬೇಕು. ಜೋಡಣೆಯ ಕೆಲಸ ಅಂದಾಜಿನ ಪ್ರಕಾರ ಇನ್ನೂ 240 ಗಂಟೆಯಷ್ಟಿದೆ, ಈಗಿನ ವೇಗದಲ್ಲಿ ಅದು 450 ಆಗುತ್ತದೆ. ಉಳಿದ 1,400 ಗಂಟೆಯ ಕೆಲಸ ಹೆಚ್ಚು ಕಡಿಮೆ ಅಂದಾಜಿನಂತೆಯೇ ನಡೆಯುತ್ತದೆ. ಈವರೆಗಿನ 432 ಸೇರಿಸಿದರೆ ಸುಮಾರು 2,280 ಗಂಟೆ. ಲಾಭ ಐದು ಲಕ್ಷಕ್ಕೆ ತುಸು ಕಡಿಮೆ. 2,400ರಷ್ಟು ಭಯಂಕರವಲ್ಲ, ಆದರೆ ಹಸಿರು ಬಣ್ಣದ ವರದಿ ಹೇಳಿದಂತೆಯೂ ಇಲ್ಲ.

ಈ ಲೆಕ್ಕ ನಿಲ್ಲುವುದು ‘ಮುಗಿದಿದೆ’ ಎಂಬ ಮಾತಿನ ಮೇಲೆ. ಎಂಜಿನಿಯರನ್ನು ಕೇಳಿದರೆ ‘ಸರ್, ತೊಂಬತ್ತು ಪರ್ಸೆಂಟ್ ಆಯ್ತು’ ಎನ್ನುತ್ತಾರೆ. ಮುಂದಿನ ವಾರವೂ ತೊಂಬತ್ತು, ಅದರ ಮುಂದಿನ ವಾರವೂ ತೊಂಬತ್ತು. ಅವರು ಸುಳ್ಳು ಹೇಳುತ್ತಿಲ್ಲ. ಕಾಣುವ ಭಾಗ ಬರೆದಾಗಿದೆ, ಕಾಣದ ಭಾಗ ಎಷ್ಟೆಂದು ಅವರಿಗೂ ಗೊತ್ತಿಲ್ಲ. ಅದಕ್ಕೇ ಪಳಗಿದ ಮ್ಯಾನೇಜರುಗಳು ಅರ್ಧ ಆದದ್ದಕ್ಕೆ ಅಂಕವನ್ನೇ ಕೊಡುವುದಿಲ್ಲ. ಪರೀಕ್ಷೆ ದಾಟಿದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಇದು ನ್ಯಾಯವಾಗಬೇಕಾದರೆ ಕೆಲಸಗಳನ್ನು ಎರಡು ಮೂರು ದಿನಗಳಲ್ಲಿ ಮುಗಿಯುವಷ್ಟು ಸಣ್ಣದಾಗಿ ಕತ್ತರಿಸಿರಬೇಕು. 200 ಗಂಟೆಯ ಒಂದೇ ಕೆಲಸವಿದ್ದರೆ ಐದು ವಾರ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಂತೆಯೇ.

ಅರ್ಧದಲ್ಲಿರುವ ಕೆಲಸದ ಬಗ್ಗೆ ಎಷ್ಟು ಪರ್ಸೆಂಟ್ ಆಯಿತು ಎನ್ನುವುದಕ್ಕಿಂತ ‘ಇನ್ನೆಷ್ಟು ಗಂಟೆ ಬೇಕು?’ ಎಂದು ಕೇಳುವುದು ವಾಸಿ. ನಮ್ಮ ಉದಾಹರಣೆಯಲ್ಲಿ ತೆರಿಗೆಯ ಲೆಕ್ಕ ಹೊಂದಿಸುವ ಒಂದು ಕೆಲಸಕ್ಕೆ 40 ಗಂಟೆ ಅಂದಾಜು, ಈವರೆಗೆ 36 ಹೋಗಿದೆ. ಪರ್ಸೆಂಟ್ ಕೇಳಿದಾಗ ಬಂದ ಉತ್ತರ ತೊಂಬತ್ತು, ಅಂದರೆ 36ನ್ನು 40ರಿಂದ ಭಾಗಿಸಿದ ಉತ್ತರವಷ್ಟೇ. ಇನ್ನೆಷ್ಟು ಬೇಕೆಂದಾಗ ಆ ಹುಡುಗಿ ಬೆರಳು ಮಡಿಚಿ ಎಣಿಸಿ, ‘ಇನ್ನೊಂದು ಮೂವತ್ತು ಬೇಕಾಗುತ್ತೆ ಸರ್’ ಎನ್ನುತ್ತಾಳೆ. ಹಿಂದಿನದನ್ನು ಸಮರ್ಥಿಸಿಕೊಳ್ಳುವ ಒತ್ತಡ ಇಲ್ಲದಿದ್ದಾಗ ಜನ ಮುಂದಿನದನ್ನು ಸಾಕಷ್ಟು ಸರಿಯಾಗಿಯೇ ಊಹಿಸುತ್ತಾರೆ.

ಐದು ವಾರಕ್ಕೇ ಭವಿಷ್ಯ ನುಡಿಯಬಹುದೇ? ಮೊದಲ ಒಂದೆರಡು ವಾರಗಳ ಅಂಕಿಯನ್ನು ನಂಬಲಾಗದು, ಮುಗಿದ ಕೆಲಸಗಳೇ ನಾಲ್ಕೈದು ಇರುತ್ತವೆ. 1990ರ ದಶಕದಲ್ಲಿ ಡೇವಿಡ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆಗಳ ಲೆಕ್ಕ ಪರಿಶೀಲಿಸಿದ್ದರು. ಐದನೇ ಒಂದು ಭಾಗದಷ್ಟು ಕೆಲಸ ಮುಗಿದ ಮೇಲೆ, ಮುಗಿದ ಕೆಲಸಕ್ಕೂ ಖರ್ಚಿಗೂ ಇರುವ ಅನುಪಾತ ಕೊನೆಯತನಕ ಹೆಚ್ಚೇನೂ ಕದಲುವುದಿಲ್ಲ ಎಂಬುದು ಅವರಿಗೆ ಕಂಡದ್ದು. ಅವು ದೊಡ್ಡ ಗುತ್ತಿಗೆಗಳು, ಮೂವರ ತಂಡಕ್ಕೆ ಅದೇ ಅಳತೆ ಹಾಗೇ ಕೂರುತ್ತದೆ ಎನ್ನಲಾಗದು. ಆದರೂ ನಮ್ಮ ಕಂಪನಿ ಮುಗಿಸಿರುವ 360 ಗಂಟೆಯ ಕೆಲಸ ಒಟ್ಟಿನ 18 ಪರ್ಸೆಂಟ್ ಆಗುತ್ತದೆ. ‘ಮುಂದೆ ಸರಿಹೋಗುತ್ತೆ ಬಿಡಿ’ ಎನ್ನುವವರು, ಯಾಕೆ ಸರಿಹೋಗುತ್ತದೆ ಎಂದು ಕಾರಣ ಹೇಳಬೇಕಾದ ಹೊತ್ತು ಇದು.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರವಾದ ಟೈಮ್‌ಶೀಟೇ ಸುಳ್ಳಾಗಿದ್ದರೆ? ಫಿಕ್ಸೆಡ್ ಪ್ರೈಸ್ ಕೆಲಸಗಳಲ್ಲಿ ಇದು ಸಾಮಾನ್ಯ, ಅದರ ಗುರುತುಗಳೂ ಸುಲಭ. ಎಲ್ಲರದೂ ಪ್ರತಿದಿನ ಸರಿಯಾಗಿ 8 ಗಂಟೆ ಇರುತ್ತದೆ. 16 ಗಂಟೆಯ ಅಂದಾಜಿನ ಕೆಲಸ 16ರಲ್ಲೇ, 24ರದ್ದು 24ರಲ್ಲೇ ಮುಗಿಯುತ್ತದೆ. ನಿಜವಾದ ಕೆಲಸ ಯಾವತ್ತೂ ಅಷ್ಟು ಅಚ್ಚುಕಟ್ಟಾಗಿ ಮುಗಿಯುವುದಿಲ್ಲ. ಅಂದಾಜು ಮೀರಿದವರನ್ನು ಮೀಟಿಂಗಿನಲ್ಲಿ ನಿಲ್ಲಿಸಿ ಕೇಳಿದರೆ, ಅವರು ಮುಂದಿನ ವಾರದಿಂದ ಮಿಕ್ಕ ಗಂಟೆಗಳನ್ನು ಇನ್ನೂ ‘ಜಾಗ ಇರುವ’ ಬೇರೆ ಕೆಲಸದ ಹೆಸರಿಗೆ ಬರೆಯುತ್ತಾರೆ. ಅಥವಾ ಶನಿವಾರ ಮನೆಯಲ್ಲಿ ಕೂತು ಮಾಡಿ ಬರೆಯುವುದನ್ನೇ ಬಿಡುತ್ತಾರೆ. ಎರಡನೆಯದು ಕಂಪನಿಗೆ ಲಾಭದಂತೆ ಕಾಣಬಹುದು. ಆದರೆ ಅದೇ ಅಂಕಿಯನ್ನು ನಂಬಿ ಮುಂದಿನ ಗ್ರಾಹಕರಿಗೆ ಬೆಲೆ ಹೇಳುತ್ತಾರೆ, ಅಲ್ಲಿಯೂ ಯಾರದೋ ಶನಿವಾರ ಹೋಗುತ್ತದೆ. ಮುಗಿದಿದೆ ಎಂದದ್ದು ಕೆಟ್ಟು ಮರಳಿ ಬಂದಾಗ ರಿಪೇರಿಯ ಗಂಟೆಗಳನ್ನು ‘ಬಗ್ ಫಿಕ್ಸಿಂಗ್’ ಎಂಬ ಬೇರೆ ಡಬ್ಬಿಗೆ ಹಾಕುವುದೂ ಇದೇ ಜಾತಿಯದು. ಮೂಲ ಕೆಲಸದ ಹೆಸರಿಗೇ ಬರೆದರೆ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಷೇರುಪೇಟೆಯ ಓದುಗರಿಗೆ ಒಂದು ಉಪಕಥೆ. ಇನ್ಫೋಸಿಸ್‌ನಂಥ ದೊಡ್ಡ ಕಂಪನಿಗಳ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ, ಫಿಕ್ಸೆಡ್ ಪ್ರೈಸ್ ಕೆಲಸಗಳ ಆದಾಯವನ್ನು ಕೆಲಸ ಸಾಗಿದ ಪ್ರಮಾಣಕ್ಕೆ ತಕ್ಕಂತೆ ತೋರಿಸುವುದಾಗಿಯೂ, ಆ ಪ್ರಮಾಣವನ್ನು ಹಾಕಿದ ಶ್ರಮ ಅಥವಾ ಖರ್ಚಿನಿಂದ ಅಳೆಯುವುದಾಗಿಯೂ ಬರೆದಿರುತ್ತದೆ. ನಮ್ಮ ಮೈಸೂರಿನ ಕಂಪನಿಗೂ ಇದೇ ಕ್ರಮ ಅನ್ವಯಿಸಿದರೆ, 2,000ದಲ್ಲಿ 500 ಗಂಟೆ ಹೋಗಿದೆ, ಕಾಲು ಭಾಗ ಆಯಿತು, 7.5 ಲಕ್ಷ ಆದಾಯ. ಒಟ್ಟು 2,280 ಎಂದು ಒಪ್ಪಿಕೊಂಡರೆ ಅದೇ ದಿನ ಆದಾಯ ಸುಮಾರು 6.6 ಲಕ್ಷಕ್ಕೆ ಇಳಿಯುತ್ತದೆ. ಉಳಿದ ಗಂಟೆಗಳ ಅಂದಾಜನ್ನು ತಿದ್ದದಿದ್ದರೆ ತಡವಾಗುತ್ತಿರುವ ಕೆಲಸವೂ ಪುಸ್ತಕದಲ್ಲಿ ಮುಂದೆ ಸಾಗಿದಂತೆಯೇ ಕಾಣುತ್ತದೆ. ಒಟ್ಟು ಖರ್ಚು ಬೆಲೆಯನ್ನೇ ಮೀರುವ ಸಂಭವ ಕಂಡರಂತೂ ಬರಲಿರುವ ನಷ್ಟವನ್ನು ಕೆಲಸ ಮುಗಿಯುವತನಕ ಕಾಯದೆ ಆಗಲೇ ತೋರಿಸಬೇಕು.

ಮೈಸೂರಿಗೆ ಮರಳೋಣ. ಆರನೇ ವಾರದಲ್ಲಿ ಮಾಡಬಾರದ್ದು ಹೊಸಬರಿಬ್ಬರನ್ನು ತಂದು ಕೂರಿಸುವುದು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಇಲ್ಲಂತೂ ತೊಂದರೆ ಇರುವುದು ಕೈಗಳ ಕೊರತೆಯಲ್ಲಲ್ಲ. ಜೋಡಣೆ ಯಾಕೆ ದುಪ್ಪಟ್ಟು ಹಿಡಿಯುತ್ತಿದೆ ಎಂದು ಕೆದಕಿದಾಗ ಸಿಕ್ಕಿದ್ದು ಇದು: ಹಳೆಯ ತಂತ್ರಾಂಶದ ವಿವರಗಳನ್ನೂ ಪರೀಕ್ಷೆಗೆ ಒಂದು ಪ್ರತಿಯನ್ನೂ ಗ್ರಾಹಕರೇ ಕೊಡುತ್ತಾರೆಂದು ಒಪ್ಪಂದದಲ್ಲಿತ್ತು. ಪ್ರತಿ ಬರಲೇ ಇಲ್ಲ, ವಿವರಗಳು ಹರಕು ಮುರುಕು. ತಂಡದವರು ಪ್ರತಿ ಸಣ್ಣ ಪ್ರಶ್ನೆಗೂ ಇಮೇಲ್ ಬರೆದು, ಮಧ್ಯಾಹ್ನದವರೆಗೆ ಕಾದು, ಕೊನೆಗೆ ಊಹಿಸಿ ಬರೆದು, ಮತ್ತೆ ತಿದ್ದುತ್ತಿದ್ದರು.

ಒಪ್ಪಂದದ ಆ ಸಾಲು ಈಗ ಕೆಲಸಕ್ಕೆ ಬರುತ್ತದೆ. 80ಕ್ಕೆ 150 ಎಂಬ ಲೆಕ್ಕವನ್ನು ಮುಂದಿಟ್ಟು ಮ್ಯಾನೇಜರ್ ಗ್ರಾಹಕರಿಗೆ ಎರಡು ದಾರಿ ಸೂಚಿಸುತ್ತಾರೆ. ಹೆಚ್ಚಿನ ಗಂಟೆಗಳಿಗೆ ಬೇರೆ ಹಣ ಕೊಡಬೇಕು, ಇಲ್ಲವೇ ಹಳೆಯ ಬಿಲ್ಲುಗಳನ್ನು ಎರಡೂ ಕಡೆ ತಾನಾಗಿಯೇ ಹೊಂದಿಸುವ ಭಾಗವನ್ನು ಕೈಬಿಡಬೇಕು. ಗ್ರಾಹಕರು ಎರಡನೆಯದಕ್ಕೆ ಒಪ್ಪುತ್ತಾರೆ. ಆ ಭಾಗಕ್ಕೆ ಅಂದಾಜು 90 ಗಂಟೆ, ಈಗಿನ ವೇಗದಲ್ಲಿ 170 ಹಿಡಿಯುತ್ತಿತ್ತು. ಒಟ್ಟು 2,110ಕ್ಕೆ ಇಳಿಯುತ್ತದೆ, ಲಾಭ 6.8 ಲಕ್ಷದ ಹತ್ತಿರ ನಿಲ್ಲುತ್ತದೆ. ಇದೇ ಪತ್ರ ಹದಿನಾರನೇ ವಾರದಲ್ಲಿ ಹೋಗಿದ್ದರೆ ಕೈಬಿಡಲು ಆ ಭಾಗ ಉಳಿದಿರುತ್ತಿರಲಿಲ್ಲ, ಬರೆದಾಗಿರುತ್ತಿತ್ತು.